ಜಾಕೋಬಿಯೋ ಗಾಸ್-ಸೈಡೆಲ್ಲೋ: ಓಡಿಸಿ ನೋಡಿದಾಗ ಕಂಡದ್ದು

ಸಮೀಕರಣಗಳ ಗುಂಪನ್ನು ಸುತ್ತು ಸುತ್ತಾಗಿ ಬೆಲೆ ತಿದ್ದುತ್ತಾ ಬಿಡಿಸುವ ವಿಧಾನಗಳಲ್ಲಿ ಜಾಕೋಬಿಗಿಂತ ಗಾಸ್-ಸೈಡೆಲ್ ಯಾವಾಗಲೂ ಮೇಲು ಅಂತ ಅನೇಕರು ನಂಬಿದ್ದಾರೆ. ಜಾಕೋಬಿ ಇಡೀ ಸುತ್ತಿಗೆ ಹಳೆಯ ಬೆಲೆಗಳನ್ನೇ ಬಳಸುತ್ತದೆ. ಗಾಸ್-ಸೈಡೆಲ್ ಆಗಷ್ಟೇ ಸಿಕ್ಕ ಬೆಲೆಯನ್ನು ಕೂಡಲೇ ಬಳಸಿಕೊಳ್ಳುತ್ತದೆ. ಹೊಸದು ಸಿಕ್ಕರೆ ಒಳ್ಳೆಯದೇ ಅಲ್ವಾ? ಎರಡನ್ನೂ ಈ ಸಮೀಕರಣಗಳ ಮೇಲೆ ಸೊನ್ನೆಯಿಂದ ಶುರು ಮಾಡಿ ಓಡಿಸಿದೆ. ಸರಿಯುತ್ತರ x, y, z ಮೂರೂ 1.

```
 x + 2y - 2z = 1
 x +  y +  z = 3
2x + 2y +  z = 5
```

ಜಾಕೋಬಿ ಮೊದಲ ಸುತ್ತಿಗೆ (1, 3, 5) ಕೊಟ್ಟಿತು. ಎರಡನೆಯದಕ್ಕೆ (5, -3, -3). ಶುರುವಿನಲ್ಲಿ 1 ಇದ್ದ ಅತಿ ದೊಡ್ಡ ತಪ್ಪು 4ಕ್ಕೆ ಏರಿದೆ, ಇಲ್ಲಿಗೇ ನಿಲ್ಲಿಸಿಬಿಡೋಣ ಅನಿಸುತ್ತದೆ. ಮೂರನೇ ಸುತ್ತಿಗೆ (1, 1, 1), ಕರಾರುವಾಕ್ಕಾಗಿ! ಗಾಸ್-ಸೈಡೆಲ್‌ನದು ಬೇರೆಯೇ ಕಥೆ: (1, 2, -1), (-5, 9, -3), (-23, 29, -7). z ಒಂದನ್ನೇ ನೋಡಿ, ತಪ್ಪು 2, 4, 8 ಅಂತ ಪ್ರತಿ ಸುತ್ತಿಗೂ ದುಪ್ಪಟ್ಟಾಗುತ್ತಿದೆ.

ಪ್ರತಿ ಸುತ್ತೂ ತಪ್ಪನ್ನು ಒಂದೇ ಮ್ಯಾಟ್ರಿಕ್ಸ್‌ನಿಂದ ಗುಣಿಸುತ್ತದೆ. ಜಾಕೋಬಿಗೆ ಅದು B = I - D⁻¹A. ಇಲ್ಲಿ A ಅಂದರೆ ಸಮೀಕರಣಗಳ ಗುಣಾಂಕಗಳ ಮ್ಯಾಟ್ರಿಕ್ಸ್, D ಅಂದರೆ ಅದರ ಕರ್ಣ ಮಾತ್ರ, I ಅಂದರೆ ಐಡೆಂಟಿಟಿ ಮ್ಯಾಟ್ರಿಕ್ಸ್. ಹೀಗೆ ಗುಣಿಸುವ ಮ್ಯಾಟ್ರಿಕ್ಸ್‌ನ ಐಗನ್‌ವ್ಯಾಲ್ಯೂಗಳಲ್ಲಿ ಅಳತೆಗೆ ಅತಿ ದೊಡ್ಡದೇ ಸ್ಪೆಕ್ಟ್ರಲ್ ರೇಡಿಯಸ್. ಅದು 1ಕ್ಕಿಂತ ಕಡಿಮೆ ಇದ್ದರೆ ಎಲ್ಲಿಂದ ಶುರು ಮಾಡಿದರೂ ಉತ್ತರಕ್ಕೆ ಬರುತ್ತೇವೆ. ಮೇಲಿನ ಉದಾಹರಣೆಯಲ್ಲಿ ಜಾಕೋಬಿಗೆ ಅದು 0, ಗಾಸ್-ಸೈಡೆಲ್‌ಗೆ 2. B ಒಳಗಿನ ಅಂಕಿಗಳು ಚಿಕ್ಕವೇನಲ್ಲ, ಮೂರನೇ ಸಾಲಿನಲ್ಲೇ ಎರಡು -2 ಇವೆ. ಆದರೂ B³ ಪೂರ್ತಿ ಸೊನ್ನೆ. ಮೊದಲೆರಡು ಸುತ್ತುಗಳ ಏರಿಕೆ ನೋಡಿ ತೀರ್ಪು ಕೊಡಬಾರದು ಅನ್ನುವುದು ಇದಕ್ಕೇ.

ಆಟ ತಿರುಗಿಬೀಳುವುದೂ ಉಂಟು. ಕರ್ಣದಲ್ಲಿ 1, ಮಿಕ್ಕೆಡೆ 0.8 ಇರುವ 3×3 ಮ್ಯಾಟ್ರಿಕ್ಸ್ ತೆಗೆದುಕೊಂಡೆ. ಇದು ಸಿಮೆಟ್ರಿಕ್, ಪಾಸಿಟಿವ್ ಡೆಫಿನಿಟ್. ಹಾಗಾಗಿ ಗಾಸ್-ಸೈಡೆಲ್ ಉತ್ತರಕ್ಕೆ ಬಂದೇ ಬರುತ್ತದೆ. ಜಾಕೋಬಿಯ ಐಗನ್‌ವ್ಯಾಲ್ಯೂಗಳು -1.6, 0.8, 0.8. ಬಲಗಡೆ ಮೂರೂ 2.6 ಇಟ್ಟರೆ ಇಲ್ಲೂ ಉತ್ತರ 1. ಆದರೆ ಜಾಕೋಬಿ 2.6, -1.56, 5.096 ಅಂತ ಅತ್ತಿಂದಿತ್ತ ಜೋಲಿ ಹೊಡೆಯುತ್ತಾ ದೂರ ಹೋಗುತ್ತದೆ. ಹೀಗೆ ಚಿಹ್ನೆ ಬದಲಿಸುತ್ತಾ ತಪ್ಪು ಬೆಳೆಯುತ್ತಿದ್ದರೆ ಕಾಟ ಕೊಡುತ್ತಿರುವುದು ಋಣ ಐಗನ್‌ವ್ಯಾಲ್ಯೂ.

ಇದಕ್ಕೆ ಅಗ್ಗದ ಮದ್ದು ಉಂಟು: ಹಳೆಯ ಬೆಲೆಯ ಅರ್ಧ, ಜಾಕೋಬಿ ಕೊಟ್ಟದ್ದರ ಅರ್ಧ ಸೇರಿಸುವುದು. ಆಗ -1.6 ಹೋಗಿ -0.3 ಆಗುತ್ತದೆ, 0.8 ಇದ್ದದ್ದು 0.9 ಆಗುತ್ತದೆ. ಅದೇ ಲೆಕ್ಕ ಈಗ 1.3, 0.91, 1.027 ಅಂತ ಹತ್ತಿರ ಬರುತ್ತದೆ. ಇಲ್ಲಿ ಬೇಗ ಬಂದದ್ದು ಬಲಗಡೆಯ ಅಂಕಿಗಳು ಮೂರೂ ಒಂದೇ ಇದ್ದು, ತಪ್ಪಿನ ಮೇಲೆ -0.3 ಮಾತ್ರ ಕೆಲಸ ಮಾಡಿದ್ದರಿಂದ. ಬೇರೆ ಅಂಕಿಗಳಿದ್ದರೆ ಸಾಮಾನ್ಯವಾಗಿ 0.9ರದೇ ಕಾರುಬಾರು, ದಶಮಾಂಶದ ಒಂದೊಂದು ಸ್ಥಾನ ಸರಿಯಾಗಲು ಸುಮಾರು 22 ಸುತ್ತು ಹಿಡಿಯುತ್ತದೆ.