ಚಿಕ್ಕಮ್ಮನ ಪ್ರಬಂಧ ತಿದ್ದಿದ ಮೂರು ಬಗೆ: ಪರದೆ, ಕಾಗದ, ಓದು

ಚಿಕ್ಕಮ್ಮ ತನ್ನ ಅಜ್ಜಿಯ ಬಗ್ಗೆ ನಾಲ್ಕು ಪುಟದ ಪ್ರಬಂಧ ಬರೆದು, ತಿದ್ದಿಕೊಡು ಅಂದಳು. ಮಲೆನಾಡಿನ ಮಳೆ, ಕೊಟ್ಟಿಗೆ, ಅಜ್ಜಿಯ ಗದರಿಕೆ ಎಲ್ಲಾ ಇರುವ ಬರಹ. ಅದನ್ನೇ ಮೂರು ರೀತಿಯಲ್ಲಿ ತಿದ್ದಿ ನೋಡಿದೆ.

ಮೊದಲು ಕಂಪ್ಯೂಟರಿನ ಕಾಗುಣಿತ ಪರೀಕ್ಷೆ. 'ವಿಧ್ಯಾರ್ಥಿ', 'ಅಬ್ಯಾಸ' ತಕ್ಷಣ ಸಿಕ್ಕವು. ಆದರೆ 'ಹೋಗಿಬರುತ್ತಿದ್ದಳಂತೆ' ಅನ್ನುವ ಸರಿಯಾದ ಪದಕ್ಕೂ ಕೆಂಪು ಗೆರೆ ಬಿತ್ತು. ಕನ್ನಡದಲ್ಲಿ ಒಂದು ಕ್ರಿಯಾಪದಕ್ಕೆ ಇಷ್ಟೆಲ್ಲ ಅಂಟಿಕೊಳ್ಳುತ್ತದೆ, ಪದಪಟ್ಟಿಯಲ್ಲಿ ಎಲ್ಲ ರೂಪಗಳೂ ಇರುವುದಿಲ್ಲ. 'ಗಾಳಿಗೆ ದೀಪ ಹಾರಿತು' ಮಾತ್ರ ಹಾಗೇ ಉಳಿಯಿತು. ಬೇಕಿದ್ದದ್ದು 'ಆರಿತು'. ಎರಡೂ ಸರಿಯಾದ ಪದಗಳೇ ಅಲ್ವಾ, ಹಾಗಾಗಿ ಗೆರೆ ಬೀಳಲಿಲ್ಲ.

ಆಮೇಲೆ ಪ್ರಿಂಟ್ ತೆಗೆದು, ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದೇ ವಾಕ್ಯ ಓದಿದೆ. ಕಥೆಯ ಸೆಳೆತ ಇಲ್ಲದ್ದರಿಂದ ಕಣ್ಣು ಅಕ್ಷರದ ಮೇಲೇ ನಿಲ್ಲುತ್ತದೆ. 'ಹಾರಿತು' ಇಲ್ಲಿ ಸಿಕ್ಕಿತು. 'ಅತ್ಯಾಧಿಕ ಮಳೆ' ಕೂಡ. ಅತಿ ಜೊತೆ ಅಧಿಕ ಸೇರಿದರೆ ಅತ್ಯಧಿಕ. ಅತಿ ಜೊತೆ ಆಸೆ ಸೇರಿದಾಗ ಮಾತ್ರ ಅತ್ಯಾಸೆ, ಅಲ್ಲಿ ಎರಡನೇ ಪದದಲ್ಲೇ ದೀರ್ಘ ಇದೆ. ಆದರೆ ಕೈಯಲ್ಲಿ ಪೆನ್ನಿದ್ದಾಗ ಜಾಸ್ತಿ ತಿದ್ದುತ್ತೇವೆ. 'ಮಳೆ ಅಂದರೆ ಮಳೆ' ಅಂತ ಅವಳು ಬರೆದದ್ದನ್ನು 'ಮಳೆಯೆಂದರೆ ಮಳೆ' ಮಾಡಿದೆ. 'ಉಂಬ್ಳ' ಹೊಡೆದು 'ಜಿಗಣೆ' ಬರೆದೆ. ಎರಡೂ ನನ್ನ ತಪ್ಪು. ಕನ್ನಡದಲ್ಲಿ ಬಿಡಿ ಪದಗಳ ನಡುವೆ ಸಂಧಿ ಮಾಡುವುದು, ಬಿಡುವುದು ಬರೆಯುವವರ ಇಷ್ಟ.

ಇನ್ನು ಬಂದಳು, ಬಂದರು ಗೊಂದಲ. ಅಜ್ಜಿಗೆ ಒಂದು ಕಡೆ 'ಗದರಿದಳು', ಮುಂದಿನ ಸಾಲಿನಲ್ಲೇ 'ಬಡಿಸಿದರು'. ಪರದೆಯಲ್ಲಿ 'ಳು' ಅಂತ ಹುಡುಕಿದೆ. 'ದನಗಳು', 'ಮಾತುಗಳು' ಎಲ್ಲ ಬಂದು ತಲೆ ಕೆಟ್ಟಿತು. ಹಿಂದಿನಿಂದ ಓದುವಾಗಲೂ ಇದು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಹಿಂದಿನ ವಾಕ್ಯದಲ್ಲಿ ಏನಿತ್ತು ಅನ್ನುವುದೇ ನೆನಪಿರುವುದಿಲ್ಲ.

ಕೊನೆಗೆ ಚಿಕ್ಕಮ್ಮನನ್ನೇ ಕೂರಿಸಿ, ಅವಳ ಮೊದಲ ಪ್ರತಿಯನ್ನು ಗಟ್ಟಿಯಾಗಿ ಓದಿಸಿದೆ. ನಾನು ಇನ್ನೊಂದು ಪ್ರತಿ ಹಿಡಿದು ಕೂತೆ. 'ಬಡಿಸಿದರು' ಅಂತ ಬರೆದಿದ್ದರೂ ಅವಳ ಬಾಯಲ್ಲಿ ತಾನಾಗಿ 'ಬಡಿಸಿದಳು' ಬಂತು. ಅಂಥ ಕಡೆಯೆಲ್ಲ ಗುರುತು ಹಾಕುತ್ತಾ ಹೋದೆ. 'ಅವರ ಸೆರಗು' ಇದ್ದದ್ದು 'ಅವಳ ಸೆರಗು' ಆಯಿತು. ಇವನ್ನೂ ನೋಡಬೇಕು, ಕ್ರಿಯಾಪದ ಮಾತ್ರ ಬದಲಿಸಿದರೆ ಸಾಲದು. ಕೊನೆಯ ಪುಟದ 'ಅಜ್ಜಿ ತೀರಿಕೊಂಡರು' ಮಾತ್ರ ಅವಳು ಹಾಗೇ ಓದಿದಳು. "ಇದನ್ನೂ 'ಳು' ಮಾಡಲಾ ಚಿಕ್ಕಮ್ಮ?" ಅಂದೆ.

"ಬೇಡ ಕಣೋ. ಬದುಕಿದ್ದಾಗ ನನ್ನ ಅಜ್ಜಿ. ಅವತ್ತು ಊರಿಗೆಲ್ಲ ದೊಡ್ಡವರು."

ಅದನ್ನು ಬಿಟ್ಟೆ. ಆಮೇಲೆ ನನ್ನ ಪ್ರತಿ ನೋಡಿ, "ಜಿಗಣೆ ಯಾರು ಬರೆದದ್ದು? ನಮ್ಮ ತೋಟದಲ್ಲಿ ಹತ್ತೋದು ಉಂಬ್ಳ" ಅಂದಳು. ಅದನ್ನೂ ಮೊದಲಿನಂತೆ ಮಾಡಿದೆ.

ಈಗ ಯಾರದೇ ಬರಹ ಬಂದರೂ ಮೊದಲು ಅವರಿಂದಲೇ ಓದಿಸುತ್ತೇನೆ, ಆಮೇಲೆ ಕಾಗದ. ಕಾಗುಣಿತ ಪರೀಕ್ಷೆ ಕೊನೆಗೆ, ಐದು ನಿಮಿಷ.