ರೆಪೋ ಇಳಿದ್ರೂ ಬಡ್ಡಿ ಇಳಿದಿಲ್ವಾ? ರೀಸೆಟ್ ತಾರೀಕು, ಸ್ಪ್ರೆಡ್ ಎರಡನ್ನೂ ನೋಡದೆ ಗೃಹಸಾಲಕ್ಕೆ ಸಹಿ ಹಾಕಬೇಡಿ

ಸಹಿ ಹಾಕಿಸ್ಕೊಳ್ಳುವಾಗ ಬ್ಯಾಂಕಿನವರು ಹೇಳಿದ್ದು ಇಷ್ಟೇ: "ರೆಪೋ ಇಳಿದ ತಕ್ಷಣ ನಿಮ್ಮ ಬಡ್ಡಿನೂ ಇಳಿಯತ್ತೆ ಸರ್, ಎಲ್ಲಾ ಆಟೋಮ್ಯಾಟಿಕ್." ತಕ್ಷಣ ಅನ್ನೋದು ಸುಳ್ಳು. ಪೂರ್ತಿ ಸುಳ್ಳು.

ನಮ್ಮ ಸಾಲ 40 ಲಕ್ಷ, ಹಣ ಬಿಡುಗಡೆ ಆಗಿದ್ದು 2024ರ ಡಿಸೆಂಬರ್ 2ಕ್ಕೆ. ಆಗ ರೆಪೋ, ಅಂದ್ರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರ, ಶೇ. 6.50. ಅದರ ಮೇಲೆ ಬ್ಯಾಂಕು ತನ್ನದಾಗಿ ಸೇರಿಸೋ ಸ್ಪ್ರೆಡ್ 2.65, ಒಟ್ಟು 9.15. ಒಪ್ಪಂದದ ಒಳಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು: ಹಣ ಬಿಡುಗಡೆಯಾದ ದಿನದಿಂದ ಮೂರು ತಿಂಗಳಿಗೊಮ್ಮೆ ರೀಸೆಟ್. ಅಂದ್ರೆ ಮಾರ್ಚ್ 2, ಜೂನ್ 2, ಸೆಪ್ಟೆಂಬರ್ 2, ಡಿಸೆಂಬರ್ 2. ಆ ದಿನ ರೆಪೋ ಎಷ್ಟಿರತ್ತೋ ಮುಂದಿನ ಮೂರು ತಿಂಗಳಿಗೆ ಅದೇ. ನಡುವೆ ಏನಾದ್ರೂ ಲೆಕ್ಕಕ್ಕಿಲ್ಲ.

2025ರ ಫೆಬ್ರವರಿ 7ರಂದು ರೆಪೋ 6.25 ಆಯ್ತು, ಮಾರ್ಚ್ 2ಕ್ಕೆ ಸಿಕ್ತು. ಏಪ್ರಿಲ್ 9ರಂದು 6.00 ಆಯ್ತು, ಅದಕ್ಕೆ ಜೂನ್ 2ರವರೆಗೆ ಕಾಯಬೇಕಾಯ್ತು. ಆಮೇಲೆ ಜೂನ್ 6ರಂದು ಒಂದೇ ಸಲ ಅರ್ಧ ಪರ್ಸೆಂಟ್ ಇಳಿದು 5.50ಕ್ಕೆ ಬಂತು. ರೀಸೆಟ್ ಮುಗಿದು ನಾಲ್ಕೇ ದಿನ! ನಾಲ್ಕು ದಿನಕ್ಕೆ ಮೂರು ತಿಂಗಳು ಹೋಯ್ತು. ಸೆಪ್ಟೆಂಬರ್ 2ರವರೆಗೆ 8.65ರಲ್ಲೇ ಕಟ್ಟಿದ್ದು, ಸುಮಾರು 4,800 ರೂಪಾಯಿ ಹೆಚ್ಚಿಗೆ. ಡಿಸೆಂಬರ್‌ನಲ್ಲೂ ಅದೇ ಕಥೆ. 2ನೇ ತಾರೀಕು ರೀಸೆಟ್, 5ನೇ ತಾರೀಕು ರೆಪೋ 5.25. ಕೇಳಿದ್ರೆ, "ಸಿಸ್ಟಮ್ ಸರ್, ನಮ್ಮ ಕೈಲಿಲ್ಲ."

ಇದರಲ್ಲಿ ನಿಯಮ ಮುರಿದಿಲ್ಲ, ಅದೇ ಹೊಟ್ಟೆ ಉರಿಸೋದು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡೋ ಬಡ್ಡಿ ಏರಿಳಿಯೋ ಹೊಸ ಫ್ಲೋಟಿಂಗ್ ಗೃಹಸಾಲಗಳು ರೆಪೋದಂಥ ಹೊರಗಿನ ಮಾನದಂಡಕ್ಕೆ ಲಿಂಕ್ ಆಗಿರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ರೀಸೆಟ್ ಆಗಬೇಕು ಅಂತ ಆರ್‌ಬಿಐ ಹೇಳಿದೆ. ಇನ್ನೂ ಬೇಗ ಮಾಡೋಕೆ ಅಡ್ಡಿಯಿಲ್ಲ. ರೆಪೋ ಬದಲಾದ ಮುಂದಿನ ತಿಂಗಳ 1ನೇ ತಾರೀಕಿಗೇ ದರ ಬದಲಿಸೋ ಒಪ್ಪಂದಗಳೂ ಇವೆ. ಅದನ್ನ ಕೇಳಬೇಕಿದ್ದದ್ದು ಸಹಿಗೆ ಮೊದಲು. (ದರ ಏರುವಾಗ ಈ ತಡ ನಮ್ಮ ಪರವಾಗೇ ಇರತ್ತೆ, ನಿಜ. ಆದ್ರೆ ಅದನ್ನೂ ಮೊದಲೇ ಹೇಳಬೇಕಿತ್ತು.)

ನಿಜವಾಗಿ ಮೋಸ ಹೋದೆ ಅನ್ನಿಸಿದ್ದು ಸ್ಪ್ರೆಡ್ ವಿಷಯದಲ್ಲಿ. ನವೆಂಬರ್‌ನಲ್ಲಿ ಅದೇ ಬ್ರಾಂಚು, ಅದೇ ಅಪಾರ್ಟ್‌ಮೆಂಟು, ಹೊಸ ಗ್ರಾಹಕರಿಗೆ 7.50. ನಮಗೆ 8.15. ರೆಪೋ ಇಬ್ಬರಿಗೂ ಒಂದೇ, ಅವರ ಸ್ಪ್ರೆಡ್ ಮಾತ್ರ 2.00.

ಮ್ಯಾನೇಜರ್ ಉತ್ತರ: "ಸ್ಪ್ರೆಡ್ ಫಿಕ್ಸ್ ಸರ್. ಮೂರು ವರ್ಷ ಮುಟ್ಟೋ ಹಾಗಿಲ್ಲ, ಆರ್‌ಬಿಐ ರೂಲು."

ಅರ್ಧ ಸತ್ಯ. ಸ್ಪ್ರೆಡ್ ಒಳಗೆ ಎರಡು ಭಾಗ. ಸಾಲಗಾರನ ರಿಸ್ಕಿಗೆ ಹಾಕೋ ಭಾಗವನ್ನ ಅವನ ಕ್ರೆಡಿಟ್ ಸ್ಥಿತಿ ಗಣನೀಯವಾಗಿ ಬದಲಾದಾಗ ಮಾತ್ರ ಬದಲಿಸಬಹುದು. ಬ್ಯಾಂಕಿನ ಖರ್ಚು ಇತ್ಯಾದಿ ಉಳಿದ ಭಾಗವನ್ನ ಮೂರು ವರ್ಷಕ್ಕೊಮ್ಮೆ. ಹೀಗೆ ಕಟ್ಟಿಹಾಕಿದ್ದು ನಮ್ಮ ರಕ್ಷಣೆಗೇ. ಇಲ್ಲದಿದ್ರೆ ರೆಪೋ ಕಾಲು ಪರ್ಸೆಂಟ್ ಇಳಿದಾಗ ಬ್ಯಾಂಕು ಸ್ಪ್ರೆಡ್ ಕಾಲು ಏರಿಸಿ ಕೂತುಬಿಡಬಹುದಿತ್ತು. ಆದ್ರೆ ಹೊಸ ಸಾಲಕ್ಕೆ ಎಷ್ಟು ಸ್ಪ್ರೆಡ್ ಇಡ್ಬೇಕು ಅನ್ನೋದು ಬ್ಯಾಂಕಿನ ಇಷ್ಟ. ಹಾಗಾಗಿ ಸಾಲ ತಗೊಂಡ ದಿನದ ಸ್ಪ್ರೆಡ್ ವರ್ಷಗಟ್ಟಲೆ ಬೆನ್ನಿಗೆ ಅಂಟ್ಕೊಂಡಿರತ್ತೆ. ರೆಪೋ ಇವತ್ತು ಇಳಿಯತ್ತೆ, ನಾಳೆ ಏರತ್ತೆ, ಸ್ಪ್ರೆಡ್ ಅಲ್ಲೇ ಇರತ್ತೆ. ನಾವು ಚೌಕಾಸಿ ಮಾಡಬೇಕಾದ್ದು ಅದೊಂದಕ್ಕೇ.

ಮ್ಯಾನೇಜರ್ ಹೇಳದ ಇನ್ನರ್ಧ: 2025ರ ಅಕ್ಟೋಬರ್ 1ರಿಂದ ಆ ಎರಡನೇ ಭಾಗವನ್ನ ಮೂರು ವರ್ಷಕ್ಕೆ ಮೊದಲೇ ಇಳಿಸೋಕೆ ಬ್ಯಾಂಕಿಗೆ ಅವಕಾಶ ಇದೆ. ಇಳಿಸಲೇಬೇಕು ಅಂತಿಲ್ಲ, ಇಳಿಸಬಹುದು. ಇದನ್ನ ಹೇಳಿದ ಮೇಲೆ ಬಂದ ಮಾತು ಕೇಳಿ: "ಕನ್ವರ್ಶನ್ ಫೀ ಅರ್ಧ ಪರ್ಸೆಂಟ್ ಕಟ್ಟಿ ಸರ್, ನಾಳೆನೇ 2.00 ಮಾಡ್ಕೊಡ್ತೀವಿ." ಮೂರು ವರ್ಷ ಮುಟ್ಟೋ ಹಾಗಿಲ್ಲದ ಸ್ಪ್ರೆಡ್, ದುಡ್ಡು ಕಟ್ಟಿದ್ರೆ ನಾಳೆನೇ!

ಲೆಕ್ಕ ಹಾಕಿದ್ರೆ ಕಟ್ಟೋದೇ ಲಾಭ. ಬಾಕಿ 39 ಲಕ್ಷಕ್ಕೆ ಫೀ 19,500, ಜಿಎಸ್‌ಟಿ ಸೇರಿ 23,010. ಉಳಿಯೋದು ವರ್ಷಕ್ಕೆ ಸುಮಾರು 25,000. ಆದ್ರೆ ಬಾಯಿಬಿಟ್ಟು ಕೇಳೋವರೆಗೂ ಯಾರೂ ಹೇಳಲ್ಲ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸೋದಾದ್ರೆ, ಮನೆಗಾಗಿ ವ್ಯಕ್ತಿ ತಗೊಂಡ ಫ್ಲೋಟಿಂಗ್ ಸಾಲಕ್ಕೆ ಹಳೇ ಬ್ಯಾಂಕು ಮುಂಗಡ ಮುಕ್ತಾಯದ ಶುಲ್ಕ ಕೇಳೋ ಹಾಗಿಲ್ಲ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ಲೀಗಲ್, ವ್ಯಾಲ್ಯುಯೇಷನ್, ಮುದ್ರಾಂಕ ಶುಲ್ಕ ಎಲ್ಲಾ ಕೂಡಿಸಿ ಆಮೇಲೆ ಹೋಲಿಸಿ.

ಇಎಂಐ ಇಳಿದಿಲ್ಲ ಅಂದಕೂಡಲೇ ಜಗಳಕ್ಕೆ ಹೋಗಬೇಡಿ. ಎಷ್ಟೋ ಬ್ಯಾಂಕುಗಳು ಇಎಂಐ ಹಾಗೇ ಇಟ್ಟು ಅವಧಿ ಕಡಿಮೆ ಮಾಡ್ತವೆ. ಸ್ಟೇಟ್‌ಮೆಂಟಿನಲ್ಲಿ ರೀಸೆಟ್ ದಿನದ ದರ ನೋಡಿ, ಅವತ್ತಿನ ರೆಪೋ ಕಳೆಯಿರಿ. ಉಳಿದದ್ದು ನಿಮ್ಮ ಸ್ಪ್ರೆಡ್‌ಗೆ ಸರಿಹೊಂದದಿದ್ರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಹೊಸಬರಿಗೆ ಕಡಿಮೆ ಸ್ಪ್ರೆಡ್ ಕೊಟ್ರು ಅನ್ನೋ ದೂರು ಮಾತ್ರ ಅಲ್ಲಿ ನಿಲ್ಲೋದು ಕಷ್ಟ, ಅದು ಬ್ಯಾಂಕಿನ ವ್ಯವಹಾರದ ತೀರ್ಮಾನ ಅಂತ ತಳ್ಳಿಹಾಕ್ತಾರೆ.