ಮೂರು ವರ್ಷದ ಆರ್‌ಓ: ನೀರು ಸಣ್ಣಗೆ ಬಂದರೆ ಮೆಂಬ್ರೇನ್ ಹೋಗಿದೆ ಅಂತಲೇ ಅಲ್ಲ

ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಕೊನೇ ಮಹಡಿ. ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಗಂಟೆಗೆ 15 ಲೀಟರ್ ಅಂತ ಬರೆದಿರೋ ಈ ಆರ್‌ಓ ಮೂರನೇ ವರ್ಷದ ಬೇಸಿಗೆಯಲ್ಲಿ ನೂಲಿನಷ್ಟು ಸಣ್ಣಗೆ ನೀರು ಬಿಡೋಕೆ ಶುರು ಮಾಡಿತು. ಸರ್ವಿಸ್ ಹುಡುಗ ಬಂದು ಮುಚ್ಚಳ ತೆಗೆಯೋ ಮೊದಲೇ "ಸಾರ್, ಮೆಂಬ್ರೇನ್ ಹೋಗಿದೆ, ಚೇಂಜ್ ಮಾಡ್ಬೇಕು" ಅಂದ. ನಾನು ಒಪ್ಪಲಿಲ್ಲ.

ಒಳಗಿನ ಟ್ಯಾಂಕ್‌ಗೆ ಹೋಗೋ ಪೈಪ್ ಬಿಚ್ಚಿ ಅಳತೆ ಲೋಟ ಹಿಡಿದೆ. ನಿಮಿಷಕ್ಕೆ 250 ಮಿ.ಲೀ. ಬರಬೇಕಾದ ಕಡೆ 70 ಬಂತು. ವೇಸ್ಟ್ ಪೈಪಿನಲ್ಲೂ ನೀರು ಅಷ್ಟೇ ಬಡಕಲು. ಸುಳಿವು ಸಿಕ್ಕಿದ್ದೇ ಇಲ್ಲಿ. ಮೆಂಬ್ರೇನ್ ಉಪ್ಪು ಕಟ್ಟಿಕೊಂಡಿದ್ದರೆ ಶುದ್ಧ ನೀರು ಕಡಿಮೆಯಾಗುತ್ತೆ, ವೇಸ್ಟ್ ಮಾತ್ರ ಧಾರಾಳವಾಗಿ ಹರೀತಾ ಇರುತ್ತೆ. ಎರಡೂ ಸೊರಗಿವೆ ಅಂದರೆ ಮಷೀನಿಗೆ ನೀರೇ ಸರಿಯಾಗಿ ಬರ್ತಿಲ್ಲ. ನೀರಲ್ಲಿ ಕರಗಿದ ಉಪ್ಪು ಅಳೆಯೋ ಟಿಡಿಎಸ್ ಮೀಟರ್ ಕೂಡ ಮೆಂಬ್ರೇನ್ ಸರಿ ಇದೆ ಅಂತಲೇ ಹೇಳಿತು: ಒಳಗೆ ಹೋಗೋ ನೀರು 640, ಹೊರಗೆ ಬರೋದು 52. ಮೆಂಬ್ರೇನ್ ಹರಿದಿದ್ದರೆ ಆ 52 ಯಾವತ್ತೋ ಏರಬೇಕಿತ್ತು.

ಹೊರಗಿನ ಪ್ರೀ-ಫಿಲ್ಟರ್ ಬೌಲ್ ತಿರುಗಿಸಿ ತೆಗೆದರೆ ಬಿಳೀ ಕ್ಯಾಂಡಲ್ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ಕೈಗೆ ಲೋಳೆಲೋಳೆ ಹತ್ತಿತು. ಉಗುರಲ್ಲಿ ಕೆರೆದರೆ ಕೆಳಗಿನ ಪದರವೂ ಕೆಂಪೇ. ತೊಳೆದು ಮತ್ತೆ ಹಾಕೋರಿದ್ದಾರೆ; ಮೇಲಿನ ಕೆಸರು ಹೋಗುತ್ತೆ, ಒಳಗೆ ಕೂತ ಜೇಡಿ ಹೋಗಲ್ಲ. ಹೊಸದು ಹಾಕಿದ ಮೇಲೆ 150 ಬಂತು.

ಇನ್ನೂ 100 ಎಲ್ಲಿ ಹೋಯ್ತು? ಉತ್ತರ ತಾರಸಿ ಮೇಲಿತ್ತು. ಹತ್ತು ಮೀಟರ್ ಎತ್ತರದ ನೀರು ಕೊಡೋದು ಸುಮಾರು ಒಂದು ಕೆ.ಜಿ. ಪ್ರೆಶರ್. ನಮ್ಮ ಟ್ಯಾಂಕಿನ ತಳ ಮಷೀನಿಗಿಂತ ಎರಡೂವರೆ ಮೀಟರ್ ಮೇಲಿದೆ ಅಷ್ಟೇ, ಅಂದರೆ ಕಾಲು ಕೆ.ಜಿ. ಮ್ಯಾನುಯಲ್ ಕೇಳೋದು ಕನಿಷ್ಠ 0.3. ಟ್ಯಾಂಕ್ ತುಂಬಿ ಒಂದು ಮೀಟರ್ ನೀರು ನಿಂತಾಗ 0.35 ಆಗುತ್ತೆ, ತಳ ಕಾಣೋ ಹೊತ್ತಿಗೆ ಸಾಲಲ್ಲ. ನಾನು ಅಳೆದಿದ್ದು ಸಂಜೆ! ಬೆಳಿಗ್ಗೆ ಮೋಟರ್ ಓಡಿ ಟ್ಯಾಂಕ್ ತುಂಬಿದ ಮೇಲೆ ಅದೇ ಲೋಟಕ್ಕೆ 220 ಬಿತ್ತು. ಕೆಳಗಿನ ಮಹಡಿಯವರಿಗೆ ಈ ತಾಪತ್ರಯವೇ ಇಲ್ಲ.

ತಾರಸಿ ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸೋಕೆ ಓನರ್ ಒಪ್ಪಲಿಲ್ಲ. ಮಷೀನಿನ ಮುಂದೆ ಇನ್ನೊಂದು ಪಂಪ್ ಕೂರಿಸೋ ದಾರಿಯೂ ಇದೆ, ನನಗೆ ಬೇಕನ್ನಿಸಲಿಲ್ಲ. ಬೆಳಿಗ್ಗೆ ಮಾತ್ರ ಆನ್ ಮಾಡ್ತೀವಿ, ಒಳಗಿನ ಟ್ಯಾಂಕ್ ತುಂಬುತ್ತೆ, ದಿನಕ್ಕೆ ಸಾಕು.

ಮಷೀನಿಗೆ ಐದಕ್ಕೆ ನಾಲ್ಕು ಸ್ಟಾರ್, ಸರ್ವಿಸ್‌ಗೆ ಎರಡು. ಟ್ಯಾಂಕರ್ ನೀರಿನ ತಿಂಗಳುಗಳಲ್ಲಿ ಬೌಲ್ ಕಡೆ ಆಗಾಗ ಕಣ್ಣಾಡಿಸಿ, ಕ್ಯಾಂಡಲ್ ಕೆಂಪಾದರೆ ಆರು ತಿಂಗಳ ಸರ್ವಿಸ್‌ಗೆ ಕಾಯಬೇಡಿ. ಹೊಸ ಕ್ಯಾಂಡಲ್ ಸಿಗೋ ತನಕ ಅಂತ ಅದಿಲ್ಲದೆ ಓಡಿಸಿದರೆ ಆ ಮಣ್ಣೆಲ್ಲ ಒಳಗಿನ ಕಾರ್ಬನ್‌ಗೆ, ಮೆಂಬ್ರೇನ್‌ಗೆ ಹೋಗಿ ಕೂರುತ್ತೆ.